ಒಂಟಿ ಗುಂಡಿಗಳ ಲೆಕ್ಕ

ನಮ್ಮ ಅತ್ತಿಗೆಯ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಎರಡು ಗಾಜಿನ ಭರಣಿಗಳಿದ್ದವು. ಹೊಸಬರು ಅವನ್ನು ನೋಡಿ ಪೆಪ್ಪರಮಿಂಟೇನೋ ಅಂದುಕೊಂಡು ಕೈ ಹಾಕಲು ಹೋಗುತ್ತಿದ್ದರು. ಒಳಗಿದ್ದದ್ದು ಗುಂಡಿಗಳು. ಜೊತೆ ತಪ್ಪಿದವು, ಅಂಚು ಸೀಳಿದವು, ಒಂದೇ ಉಳಿದು ಯಾರ ಅಂಗಿಗೂ ಹೊಂದದವು. ಬೇರೆ ಅಂಗಡಿಯವರಾಗಿದ್ದರೆ ಗುಡಿಸಿ ಕಸಕ್ಕೆ ಹಾಕುತ್ತಿದ್ದರು. ಅತ್ತಿಗೆ ಅವಕ್ಕೂ ಒಂದು ಕೆಲಸ ಕೊಟ್ಟಿದ್ದರು.

ಹೊಸ್ತಿಲು ದಾಟಿ ಯಾರೇ ಒಳಗೆ ಬರಲಿ, ಒಂಟಿ ಗುಂಡಿಗಳ ಡಬ್ಬಿಯಿಂದ ಎಡಗಡೆಯ ಭರಣಿಗೆ ಒಂದು ಗುಂಡಿ. ಬಂದವರು ಏನಾದರೂ ಕೊಂಡರೆ ಬಲಗಡೆಯ ಭರಣಿಗೆ ಇನ್ನೊಂದು. ದೊಡ್ಡವರಿಗೆ ಕೋಟಿನ ಗುಂಡಿ, ಮಕ್ಕಳಿಗೆ ಅಂಗಿಯ ಸಣ್ಣ ಗುಂಡಿ. ಊಟದ ಹೊತ್ತಿಗೆ ಒಮ್ಮೆ, ಷಟರ್ ಎಳೆಯುವ ಮುಂಚೆ ಒಮ್ಮೆ ಎರಡನ್ನೂ ಸುರಿದು ಎಣಿಸಿ, ಆ ದಿನದ ವ್ಯಾಪಾರದ ಮೊತ್ತದ ಪಕ್ಕದಲ್ಲಿ ಬರೆಯುತ್ತಿದ್ದರು. ಅಣ್ಣ ಅಂಗಡಿ ಶುರು ಮಾಡಿ, ಎರಡು ವರ್ಷ ಸಾಲ ಕೊಟ್ಟು ಕೈ ಸುಟ್ಟುಕೊಂಡು, ಗೋದಾಮಿನ ಕೆಲಸಕ್ಕೆ ಸೇರಿಕೊಂಡ ಮೇಲೆ ಅಂಗಡಿ ಅತ್ತಿಗೆಯ ಪಾಲಿಗೆ ಬಂತು. "ಬಂದೋರು ಎಷ್ಟು, ಕೊಂಡೋರು ಎಷ್ಟು ಅಂತ ಗೊತ್ತಿಲ್ದೆ ನಿಮ್ಮಣ್ಣ ಮುಳುಗಿದ್ರು. ನಾನು ಮುಳುಗೋದಾದ್ರೂ ಲೆಕ್ಕ ಇಟ್ಟುಕೊಂಡೇ ಮುಳುಗ್ತೀನಿ" ಎಂದು ನಗುತ್ತಿದ್ದರು. ನಾನು ಅಲ್ಲಿ ಕೆಲಸಕ್ಕೆ ಸೇರಿದಾಗ ಅವರು ಕಲಿಸಿದ ಮೊದಲ ಪಾಠ ಜಿಪ್ಪಿನ ಅಳತೆಯಲ್ಲ, ಈ ಭರಣಿ.

ನನಗೆ ಇಂಥ ತಾಳ್ಮೆ ಇಲ್ಲ. ನಾನು ಬಾಯಿ ಬಿಟ್ಟರೆ ಸಿಡಿಯುವವಳು. ಅತ್ತಿಗೆ ನನ್ನನ್ನು ಕರೆಯುತ್ತಿದ್ದದ್ದೇ 'ಪಟಾಕಿ' ಅಂತ. ಅವರಿಗೆ ಗುಂಡಿ ಎಣಿಸುವುದು, ನನಗೆ ಗಿರಾಕಿಗಳ ಜೊತೆ ಜಗಳ ಕಾಯುವುದು, ಹೀಗೆ ಕೆಲಸ ಹಂಚಿಕೊಂಡಿದ್ದೆವು. ತಿಂಗಳಿಗೆ ಹನ್ನೊಂದು ಸಾವಿರ ಕೊಡುತ್ತಿದ್ದರು. ನನ್ನ ಗಂಡ ಲಾರಿ ಗ್ಯಾರೇಜಿನಲ್ಲಿ ದುಡಿದದ್ದು ಮನೆ ಬಾಡಿಗೆಗೂ ಅಕ್ಕಿಗೂ ಆಗುತ್ತಿತ್ತು. ಮಗಳ ಶಾಲೆ ನಡೆಯುತ್ತಿದ್ದದ್ದು ಈ ಹನ್ನೊಂದರ ಮೇಲೆ.

ಮಳಿಗೆಯನ್ನು ನಮಗೆ ಬಾಡಿಗೆಗೆ ಕೊಟ್ಟ ಮಾಲೀಕರು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದರು. ಷಟರ್ ಕಿತ್ತುಹೋಗಿದೆ ಅಂದರೂ "ನೋಡೋಣ", ಗೋಡೆ ಸೋರುತ್ತಿದೆ ಅಂದರೂ "ನೋಡೋಣ". ಸಾಲಿನ ಐದು ಅಂಗಡಿಯವರೂ ಅವರಿಗೆ 'ನೋಡೋಣ ಯಜಮಾನರು' ಎಂದೇ ಹೆಸರಿಟ್ಟಿದ್ದರು. ಕೆಟ್ಟವರೇನಲ್ಲ. ಬಾಡಿಗೆ ಎರಡು ದಿನ ತಡವಾದರೆ ಅದಕ್ಕೂ "ನೋಡೋಣ" ಅನ್ನುತ್ತಿದ್ದರು. ಆದರೆ ಮೊಣಕಾಲು ನೋವು ಜಾಸ್ತಿಯಾದ ಮೇಲೆ ವ್ಯವಹಾರವನ್ನೆಲ್ಲ ಅಳಿಯನ ಕೈಗೆ ಕೊಟ್ಟರು. ಅಳಿಯ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ. ನೋಡೋಣ ಅನ್ನುವ ಅಭ್ಯಾಸ ಅವನಿಗಿರಲಿಲ್ಲ.

ಕರಾರು ಮುಗಿಯಲು ಎರಡು ತಿಂಗಳಿದೆ ಅನ್ನುವಾಗ ಅವನ ಕಾಗದ ಬಂತು. ಹದಿನೆಂಟು ಸಾವಿರ ಇದ್ದ ಬಾಡಿಗೆ ಇನ್ನು ಮುಂದೆ ಇಪ್ಪತ್ತೇಳು. ಕಾರಣವನ್ನೂ ಬರೆದಿದ್ದ: ಎದುರಿಗೆ ಬಸ್ ನಿಲ್ದಾಣ ಬಂದಿರುವುದರಿಂದ ರಸ್ತೆಯಲ್ಲಿ ಜನಸಂದಣಿ ಹೆಚ್ಚಿದೆ, ಬಾಡಿಗೆದಾರರಿಗೆ ಅದರ ಲಾಭವಾಗುತ್ತಿದೆ.

"ಲಾಭವಂತೆ ಲಾಭ! ನಿಂತು ನಿಂತು ನಮ್ಮ ಮೆಟ್ಟಿಲು ಸವೆಸಿದ್ದು ಬಿಟ್ರೆ ಆ ಬಸ್ಸಿನೋರು ನಮಗೇನು ಕೊಟ್ಟಿದಾರೆ?" ಎಂದು ನಾನು ಕೂಗಾಡಿದೆ.

ಅತ್ತಿಗೆ ಕಾಗದವನ್ನು ಇನ್ನೊಮ್ಮೆ ಓದಿ ಮಡಚಿದರು. "ಕೂಗಿದ್ರೆ ಬಾಡಿಗೆ ಇಳಿಯಲ್ಲ ಪಟಾಕಿ. ಅವನು ಜನ ಹೆಚ್ಚಾಗಿದಾರೆ ಅಂತಾನೆ. ಹೆಚ್ಚಾಗಿರೋದು ನಿಜಾನೇ. ಆದ್ರೆ ವ್ಯಾಪಾರ ಹೆಚ್ಚಾಗಿಲ್ಲ. ಅದನ್ನ ತೋರಿಸೋಣ."

ತೋರಿಸಲು ನಮ್ಮಲ್ಲಿ ಬೇಕಾದಷ್ಟಿತ್ತು. ಆ ವಾರವೆಲ್ಲ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಹಳೆಯ ಪುಸ್ತಕಗಳನ್ನು ಹರವಿಕೊಂಡು ಕೂತೆವು. ಅವರು ಓದುತ್ತಿದ್ದರು, ನಾನು ಮಗಳ ಸ್ಕೇಲಿನಿಂದ ಗೆರೆ ಎಳೆದು ತಿಂಗಳು ತಿಂಗಳಿಗೆ ತುಂಬುತ್ತಿದ್ದೆ. ಸೇತುವೆ ರಿಪೇರಿಗೆ ಅಂತ ನಿಲ್ದಾಣವನ್ನು ನಮ್ಮೆದುರಿಗೆ ತಂದು ಆಗ ಒಂದೂವರೆ ವರ್ಷವಾಗಿತ್ತು. ಅದಕ್ಕೂ ಮುಂಚೆ ದಿನಕ್ಕೆ ಸುಮಾರು ಎಪ್ಪತ್ತು ಜನ ಒಳಗೆ ಬಂದರೆ ನಲವತ್ತೈದು ಜನ ಕೊಳ್ಳುತ್ತಿದ್ದರು. ಈಗ ಬರುವವರು ನೂರೈವತ್ತು, ಕೊಳ್ಳುವವರು ನಲವತ್ತೆರಡು. ಮಿಕ್ಕವರೆಲ್ಲ ಯಾರು? ಬಿಸಿಲಿಗೆ ನಿಂತವರು, ಚಿಲ್ಲರೆ ಕೇಳುವವರು, ಈ ಬಸ್ಸು ಎಲ್ಲಿಗೆ ಹೋಗುತ್ತೆ ಅನ್ನುವವರು, ಮಗುವಿಗೆ ಒಂದು ಲೋಟ ನೀರು ಕೊಡಿ ಅನ್ನುವವರು. ಬಾಯಾರಿದವರು ಗುಂಡಿ ಕೊಳ್ಳುತ್ತಾರೆಯೇ?

ತಿಂಗಳ ವ್ಯಾಪಾರ ಒಂದು ಲಕ್ಷ ಎಂಬತ್ತರ ಆಸುಪಾಸು. ಅದರಲ್ಲಿ ಮಾಲಿನ ಅಸಲು ಕಳೆದರೆ ನಮಗೆ ಉಳಿಯುವುದು ಮೂರನೇ ಒಂದು ಪಾಲು, ಅರವತ್ತು ಸಾವಿರ. ಬಾಡಿಗೆ ಹದಿನೆಂಟು, ನನ್ನ ಸಂಬಳ ಹನ್ನೊಂದು, ಕರೆಂಟು ಅದೂ ಇದೂ ಐದು. ಉಳಿದ ಇಪ್ಪತ್ತಾರರಲ್ಲಿ ಅತ್ತಿಗೆಯ ಮನೆ, ಅಣ್ಣನ ಹಳೆಯ ಸಾಲದ ಕಂತು. ಬಾಡಿಗೆ ಇಪ್ಪತ್ತೇಳಾದರೆ ಏನಾಗುತ್ತದೆ ಅನ್ನುವ ಸಾಲನ್ನೂ ನಾನೇ ಬರೆದೆ. ಬರೆದು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತೆ.

ಭಾನುವಾರ ಬೆಳಿಗ್ಗೆ ಮೇಲಿನ ಮನೆಗೆ ಹೋದೆವು. ನೋಡೋಣ ಯಜಮಾನರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಅಳಿಯ ನಾವು ತಂದ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡ.

"ಸರ್, ನೀವು ಬಾಡಿಗೆ ಹೆಚ್ಚಿಸ್ಬೇಡಿ ಅಂತ ನಾನು ಹೇಳ್ತಿಲ್ಲ" ಎಂದು ಅತ್ತಿಗೆ ಶುರು ಮಾಡಿದರು. "ಈಗ ವ್ಯಾಪಾರದ ಹತ್ತನೇ ಒಂದು ಭಾಗ ಬಾಡಿಗೆ ಕೊಡ್ತಿದೀನಿ. ನೀವು ಕೇಳಿರೋದು ಕೊಟ್ರೆ ಹೆಚ್ಚು ಕಡಿಮೆ ಏಳರಲ್ಲಿ ಒಂದು ಭಾಗ ಆಗೋಗುತ್ತೆ. ಹತ್ತೊಂಬತ್ತೂವರೆ ಕೊಡ್ತೀನಿ, ವರ್ಷಕ್ಕೆ ಐದು ಪರ್ಸೆಂಟ್ ಜಾಸ್ತಿ ಮಾಡ್ತೀನಿ. ಇಲ್ಲ ಅಂದ್ರೆ ಹದಿನೆಂಟು ಕಾಯಂ ಇರ್ಲಿ, ವ್ಯಾಪಾರ ಎರಡು ಲಕ್ಷ ದಾಟಿದ ತಿಂಗಳು ದಾಟಿದ್ದರಲ್ಲಿ ಹತ್ತು ಪರ್ಸೆಂಟ್ ನಿಮಗೆ. ಬಸ್ಸಿಂದ ನಮಗೆ ಲಾಭ ಆದ್ರೆ ನಿಮಗೂ ಆಗ್ಲಿ."

ನನಗೆ ಹೆಮ್ಮೆಯಾಯಿತು. ಅಷ್ಟು ನೇರವಾಗಿ ನಾನು ನನ್ನ ಗಂಡನ ಹತ್ತಿರವೂ ಮಾತಾಡಿಲ್ಲ.

ಅಳಿಯ ನಕ್ಕ. "ನಿಮ್ಮ ಮಾರಾಟ ತಿಂಗಳು ತಿಂಗಳು ನಾನು ಎಲ್ಲಿ ಪರೀಕ್ಷೆ ಮಾಡ್ಲಿ ಮೇಡಂ? ಅದು ಬೇಡ." ಆಮೇಲೆ ಅವನ ಬೆರಳು ಒಂದು ಕಡೆ ನಿಂತಿತು. "ಈ ನೂರೈವತ್ತು, ಬರೀ ಒಳಗೆ ಬಂದೋರು ಮಾತ್ರಾನಾ? ಹೊರಗೆ ನಿಂತೋರು ಸೇರಿಲ್ವಾ?"

"ಸೇರಿಲ್ಲ. ಹೊಸ್ತಿಲು ದಾಟಿದೋರು ಮಾತ್ರ."

"ಯಾವ ಹೊತ್ತಲ್ಲಿ ಜಾಸ್ತಿ?"

"ಮಧ್ಯಾಹ್ನದ ಮೇಲೆ. ಇಲ್ಲಿ ನೋಡಿ, ಎರಡೂ ಹೊತ್ತಿನ ಲೆಕ್ಕ ಬೇರೆ ಬೇರೆ ಇದೆ."

"ಮಕ್ಕಳು?"

"ಮೂರರಲ್ಲಿ ಒಬ್ಬರು ಮಕ್ಕಳು. ಶಾಲೆ ಬಿಟ್ಟ ಮೇಲೆ ಬರೋದು."

ಮೊದಲ ಸಲ ಯಾರೋ ಒಬ್ಬರು ತಮ್ಮ ಲೆಕ್ಕವನ್ನು ಇಷ್ಟು ಗಮನ ಕೊಟ್ಟು ಓದುತ್ತಿದ್ದಾರೆ ಅಂತ ಅತ್ತಿಗೆಯ ಮುಖ ಅರಳಿತ್ತು. ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ಕೇಳದ್ದಕ್ಕೂ ಕೊಟ್ಟರು. ಬಾಡಿಗೆ ಇಳಿಸುವವನು ನಮ್ಮ ವ್ಯಾಪಾರದ ಬಗ್ಗೆ ಕೇಳಬೇಕು. ಇವನು ವ್ಯಾಪಾರದ ಸಾಲನ್ನು ನೋಡುತ್ತಲೇ ಇರಲಿಲ್ಲ. ಮೇಜಿನ ಕೆಳಗೆ ಅತ್ತಿಗೆಯ ತೊಡೆ ಚಿವುಟಿದೆ. ಅವರು ಕಾಲು ಸರಿಸಿ ಕೂತರು.

"ಈ ಹಾಳೆ ಎರಡು ದಿನ ನನ್ನ ಹತ್ರ ಇರ್ಲಿ. ಓದಿ ಹೇಳ್ತೀನಿ" ಎಂದ ಅಳಿಯ.

"ಇಟ್ಕೊಳ್ಳಿ" ಅಂದರು ಅತ್ತಿಗೆ.

ಯಜಮಾನರು ಕಿಟಕಿಯಿಂದ ಮುಖ ತಿರುಗಿಸಿ "ನೋಡೋಣ" ಅಂದರು.

ಬುಧವಾರ ಒಬ್ಬ ಆಸಾಮಿ ಟೇಪು ಹಿಡಿದುಕೊಂಡು ಅಂಗಡಿಗೆ ಬಂದ. ಅತ್ತಿಗೆ ಅಭ್ಯಾಸದಂತೆ ಎಡಗಡೆಯ ಭರಣಿಗೆ ಒಂದು ಗುಂಡಿ ಹಾಕಿದರು. ಅವನು ಏನನ್ನೂ ಕೇಳಲಿಲ್ಲ. ಬಾಗಿಲಿನ ಅಗಲ ಅಳೆದ, ಗೋಡೆಯಿಂದ ಗೋಡೆಗೆ ಅಳೆದ, ನಲ್ಲಿ ಎಲ್ಲಿದೆ ಅಂತ ಬಗ್ಗಿ ನೋಡಿದ.

"ಏನ್ ಬೇಕು ಸ್ವಾಮಿ? ಗೋಡೆಗೆ ಲೇಸ್ ಹೊಲಿಸ್ತೀರಾ?" ಅಂದೆ ನಾನು.

"ನಮ್ದು ಜ್ಯೂಸ್, ಐಸ್‌ಕ್ರೀಮ್ ವ್ಯಾಪಾರ ಅಕ್ಕಾ. ಮೇಲಿನೋರು ನೋಡ್ಕೊಂಡು ಬನ್ನಿ ಅಂದ್ರು" ಎಂದ ಅವನು, ಪಾಪ, ಯಾವ ಕಪಟವೂ ಇಲ್ಲದೆ. ಕೈಯಲ್ಲಿದ್ದ ಕಾಗದವನ್ನು ನೋಡಿಕೊಂಡ. ನನ್ನದೇ ಅಕ್ಷರ. ಮಗಳ ಸ್ಕೇಲಿನಲ್ಲಿ ನಾನು ಎಳೆದ ಗೆರೆಗಳು. ಜೆರಾಕ್ಸ್ ಮಾಡಿ ಕೊಟ್ಟಿದ್ದರು. "ದಿನಾ ನೂರೈವತ್ತು ಜನ ಬರ್ತಾರಂತಲ್ಲ, ಅದ್ರಲ್ಲಿ ನೂರು ಜನ ಏನೂ ಕೊಳ್ಳದೆ ಹೋಗ್ತಾರಂತಲ್ಲ. ಮೂವತ್ತು ಸಾವಿರ ಬಾಡಿಗೆ ಕೊಟ್ರೂ ನಮಗೆ ಗಿಟ್ಟುತ್ತೆ."

ನಾನು ಅವನ ಕೈಯಿಂದ ಆ ಕಾಗದ ಕಿತ್ತುಕೊಂಡೆ. ಅವನು ಗಾಬರಿಯಾಗಿ ಹೊರಟುಹೋದ. ಆ ಅಳಿಯನ ಮೇಲಿನ ಸಿಟ್ಟು, ಈ ಜ್ಯೂಸಿನವನ ಮೇಲಿನ ಸಿಟ್ಟು ಎಲ್ಲ ಸೇರಿ ನನ್ನ ಬಾಯಿಂದ ಏನೇನು ಮಾತು ಬಂತೋ ಬರೆಯುವಂಥದ್ದಲ್ಲ. ಎದುರಿನ ನಿಲ್ದಾಣದಲ್ಲಿ ನಿಂತವರು ಬಸ್ಸು ಬಿಟ್ಟು ನಮ್ಮನ್ನು ನೋಡುತ್ತಿದ್ದರು.

ಅತ್ತಿಗೆ ಸ್ಟೂಲಿನ ಮೇಲೆ ಕೂತು ಎಡಗಡೆಯ ಭರಣಿಯನ್ನು ಮಡಿಲಲ್ಲಿ ಇಟ್ಟುಕೊಂಡರು. "ನಮ್ಮ ಅಂಗಡಿಗೆ ಬಂದು ಏನೂ ಕೊಳ್ಳದೋರು ಇಷ್ಟು ಜನ ಇದಾರೆ ಅಂತ ನಾನೇ ಬರೆದು ಕೊಟ್ಟೆನಲ್ಲೇ" ಅಂದರು. "ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡೆ."

ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು. ಆದರೆ ಅವರ ಬಾಯಿಂದ ಅದು ಬಂದಾಗ ಸಹಿಸಲು ಆಗಲಿಲ್ಲ. ಒಂಟಿ ಗುಂಡಿಯನ್ನೂ ಎಸೆಯದ ಹೆಂಗಸು. ಕೊಳ್ಳದವರನ್ನೂ ಲೆಕ್ಕಕ್ಕೆ ಹಿಡಿದದ್ದೇ ಅವರ ತಪ್ಪಾಯಿತು.

ಆಮೇಲಿನ ಎರಡು ದಿನ ಅತ್ತಿಗೆ ಭರಣಿಗೆ ಗುಂಡಿ ಹಾಕಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಬಾಗಿಲಲ್ಲಿ ನೀರು ಹಾಕುತ್ತಿದ್ದಾಗ ಅವರು ರಸ್ತೆ ದಾಟಿ ಬಸ್ ನಿಲ್ದಾಣದ ಕಂಬದ ಹತ್ತಿರ ನಿಂತು ಏನೋ ಓದುತ್ತಿದ್ದರು. ಬಿಸಿಲಿಗೆ ಬಣ್ಣ ಹೋದ ಫಲಕ. ನಾವು ದಿನಾ ನೋಡುತ್ತಿದ್ದದ್ದೇ. ಸೇತುವೆ ಕಾಮಗಾರಿ ಮುಗಿಯುವ ತನಕ ತಾತ್ಕಾಲಿಕ ನಿಲುಗಡೆ ಅಂತ ಅದರಲ್ಲಿತ್ತು. ವಾಪಸು ಬಂದವರೇ ಕಪಾಟಿನ ಕೆಳಗಿಂದ ಹಳೆಯ ಪುಸ್ತಕಗಳನ್ನು ಎಳೆದರು.

"ಒಂದೂವರೆ ವರ್ಷದ್ದನ್ನೇ ಬಿಡಿಸಿ ತೋರಿಸಿ, ಅದಕ್ಕೆ ಮುಂಚಿನದ್ದು ಒಂದೇ ಸಾಲಲ್ಲಿ ಮುಗಿಸಿ ತಪ್ಪು ಮಾಡ್ದೆ ಕಣೆ. ಹಿಂದಿನ ನಾಲ್ಕು ವರ್ಷದ್ದೂ ತೋರಿಸ್ಬೇಕಿತ್ತು."

ಮತ್ತೆ ಗೆರೆ, ಮತ್ತೆ ಸ್ಕೇಲು. ಈ ಸಲ ಒಂದೇ ಹಾಳೆ. ಒಳಗೆ ಬಂದವರ ಗೆರೆ ನಾಲ್ಕು ವರ್ಷ ಮಟ್ಟಸವಾಗಿ ಬಂದು, ನಿಲ್ದಾಣ ಬಂದ ತಿಂಗಳು ಏಣಿ ಹಾಕಿದ ಹಾಗೆ ಮೇಲಕ್ಕೇರಿತ್ತು. ಅದರ ಕೆಳಗೆ ಕೊಂಡವರ ಗೆರೆ. ಅದು ಐದೂವರೆ ವರ್ಷ ನಲವತ್ತರ ಮೇಲೆ ಐವತ್ತರ ಕೆಳಗೆ ಅಲುಗಾಡದೆ ಓಡಿತ್ತು.

ಅದನ್ನು ಹಿಡಿದು ಮತ್ತೆ ಮೇಲಿನ ಮನೆಗೆ ಹೋದೆವು. ಅಳಿಯ ನಮ್ಮನ್ನು ನೋಡಿ ನಾಚಿಕೊಳ್ಳಲಿಲ್ಲ. "ನೋಡಿ ಮೇಡಂ, ವ್ಯಾಪಾರ ಅಂದ್ಮೇಲೆ ಗಾಳಿ ಬಂದಾಗ ತೂರಿಕೊಳ್ಬೇಕು. ನಾನು ಮುಚ್ಚಿಡಲ್ಲ. ಅವನು ಮೂವತ್ತು ಕೊಡ್ತೀನಿ ಅಂದಿದಾನೆ."

"ಎಷ್ಟು ವರ್ಷಕ್ಕೆ?" ಎಂದರು ಅತ್ತಿಗೆ.

ಅಳಿಯ ಕನ್ನಡಕ ಒರೆಸಿಕೊಂಡ.

"ಬಿಡೋದಾದ್ರೆ ಎಷ್ಟು ತಿಂಗಳು ಮುಂಚೆ ಹೇಳ್ತಾನಂತೆ?"

"ಮೂರು ತಿಂಗಳ ನೋಟಿಸು. ಎಲ್ಲರೂ ಹಾಗೇ ಕೇಳೋದು."

"ಯಾಕೆ ಕೇಳ್ತಾನೆ ಅಂದ್ರೆ, ಎದುರಿನ ಬೋರ್ಡು ಅವನೂ ಓದಿದಾನೆ." ಅತ್ತಿಗೆ ಹಾಳೆಯನ್ನು ಅಳಿಯನ ಮುಂದಿಡದೆ ಎದ್ದುಹೋಗಿ ಯಜಮಾನರ ಮೊಣಕಾಲಿನ ಮೇಲಿನ ಚೀಲದ ಪಕ್ಕದಲ್ಲಿಟ್ಟರು. "ಯಜಮಾನ್ರೇ, ಮೇಲಿನ ಗೆರೆ ಬಸ್ಸಿಂದ ಬಂದೋರು. ಸೇತುವೆ ಮುಗಿದ ದಿನ ಬಸ್ಸಿನ ಹಿಂದೇನೇ ಹೋಗ್ತಾರೆ. ಜ್ಯೂಸಿನೋನೂ ಅವರ ಹಿಂದೆ ಹೋಗ್ತಾನೆ. ಆಮೇಲೆ ಅಂಗಡಿ ಎಷ್ಟು ತಿಂಗಳು ಖಾಲಿ ಬಿದ್ದಿರುತ್ತೋ ನಿಮಗೇ ಗೊತ್ತು, ಕೊನೇ ಮಳಿಗೆ ಒಂಬತ್ತು ತಿಂಗಳು ಖಾಲಿ ಇತ್ತು. ಕೆಳಗಿನ ಗೆರೆ ನನ್ನ ಗಿರಾಕಿಗಳು. ಅವರು ಬಸ್ಸಿಗೆ ಮುಂಚೇನೂ ಬರ್ತಿದ್ರು, ಆಮೇಲೂ ಬರ್ತಾರೆ. ನಾನು ಐದು ವರ್ಷ ಬಿಡಲ್ಲ ಅಂತ ಕರಾರು ಬರೆದುಕೊಡ್ತೀನಿ. ಮಧ್ಯ ಬಿಟ್ರೆ ಮುಂಗಡ ನಿಮ್ಮದೇ."

"ತಾತ್ಕಾಲಿಕ ಅಂದ್ರೆ ಹತ್ತು ವರ್ಷಾನೂ ಆಗ್ಬಹುದು. ಆ ಸೇತುವೆ ಯಾರು ಮುಗಿಸಿದ್ರು?" ಎಂದ ಅಳಿಯ. ಆ ಮಾತು ಸುಳ್ಳೇನೂ ಅಲ್ಲ.

"ಆಗ್ಲಿ ಸರ್. ಅಲ್ಲಿವರೆಗೆ ಮೂವತ್ತು ಬರುತ್ತೆ. ನೀವು ಜೂಜಾಡೋದಾದ್ರೆ ಆಡಿ."

ಮುದುಕರು ಹಾಳೆಯನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಕೆಳಗಿನ ಗೆರೆಯನ್ನು ಆ ತುದಿಯಿಂದ ಈ ತುದಿಯ ತನಕ ಸವರಿದರು. ನಾನು ಅವರ ಬಾಯಿಂದ "ನೋಡೋಣ" ಬರುತ್ತದೆ ಅಂತ ಹಲ್ಲು ಕಚ್ಚಿಕೊಂಡು ಕಾದೆ.

"ಇಪ್ಪತ್ನಾಲ್ಕು ಕೊಡಮ್ಮ" ಎಂದರು. "ಎರಡು ವರ್ಷ ಅಷ್ಟೇ ಇರ್ಲಿ. ಆಮೇಲೆ ನೀನೇ ಹೇಳ್ದ ಹಾಗೆ ವರ್ಷಕ್ಕೆ ಐದು. ಷಟರ್ ನಾನು ಮಾಡಿಸ್ತೀನಿ. ಇದಕ್ಕಿಂತ ಕೆಳಗೆ ನನ್ನ ಅಳಿಯ ನನ್ನ ಮಾತು ಕೇಳಲ್ಲ."

ಇಪ್ಪತ್ತೇಳಲ್ಲ, ಮೂವತ್ತಲ್ಲ. ಗೆದ್ದೆವು ಅನ್ನಬೇಕು. ಆದರೆ ಲೆಕ್ಕ ಬರೆದವಳು ನಾನು. ಹದಿನೆಂಟರ ಜಾಗದಲ್ಲಿ ಇಪ್ಪತ್ನಾಲ್ಕು ಇಟ್ಟರೆ ಆರು ಸಾವಿರ ಎಲ್ಲಿಂದ ಬರಬೇಕು? ಮಾಲಿನ ಅಸಲು ಇಳಿಯುವುದಿಲ್ಲ. ಕರೆಂಟು ಇಳಿಯುವುದಿಲ್ಲ. ಸಾಲದ ಕಂತು ಇಳಿಯುವುದಿಲ್ಲ. ಆ ಹಾಳೆಯಲ್ಲಿ ಇಳಿಸಬಹುದಾದ ಸಾಲು ಒಂದೇ ಒಂದಿತ್ತು. ಅದನ್ನೂ ನಾನೇ, ನನ್ನ ಕೈಯಾರೆ, ಗೆರೆ ಹೊಡೆದು ಬರೆದಿದ್ದೆ.

ಅತ್ತಿಗೆ ಉತ್ತರ ಕೊಡುವ ಮುಂಚೆ ಒಂದು ಸಲ ನನ್ನ ಕಡೆ ನೋಡಿದರು. ಎರಡನೆಯ ಸಲ ನೋಡಲಿಲ್ಲ.

"ಆಗ್ಲಿ ಯಜಮಾನ್ರೇ" ಅಂದರು.

ಮೆಟ್ಟಿಲಿಳಿದು ಅಂಗಡಿಗೆ ಬಂದ ಮೇಲೆ ಅತ್ತಿಗೆ ಹೇಳಿದರು. "ಅರ್ಧ ದಿನ ಬಾರೇ. ಅರ್ಧ ಸಂಬಳ ಹೇಗಾದ್ರೂ ಮಾಡಿ ಕೊಡ್ತೀನಿ."

"ಶಾಲೆಯೋರು ಅರ್ಧ ಫೀಸು ತಗೊಂಡು ಅರ್ಧ ದಿನ ಪಾಠ ಹೇಳ್ತಾರಾ ಅತ್ತಿಗೆ?"

ಅವರು ಅತ್ತರು. ನಾನು ಅವರು ಅಳುವುದನ್ನು ನೋಡಿದ್ದು ಅದೇ ಮೊದಲು. ಸಮಾಧಾನ ಮಾಡಬೇಕು ಅನ್ನಿಸಿತು, ಆದರೆ ಮಾಡಲಿಲ್ಲ. ಅವರು ಒಪ್ಪದೇ ಇದ್ದಿದ್ದರೆ ಅಂಗಡಿಯೇ ಹೋಗುತ್ತಿತ್ತು, ಆಗಲೂ ನನ್ನ ಕೆಲಸ ಹೋಗುತ್ತಿತ್ತು. ಬುದ್ಧಿಗೆ ಇದೆಲ್ಲ ತಿಳಿಯುತ್ತದೆ. ಆದರೂ ಆ ಒಂದು ನೋಟಕ್ಕೆ ನನಗೆ ಸಿಟ್ಟು ಬಂದಿತ್ತು. ಕೇಳಬಾರದಿತ್ತೇ? ಹೊರಗೆ ಕರೆದು, ಏನೇ ಮಾಡೋಣ ಅಂತ ಒಂದು ಮಾತು? ನಾನು ಬೇಡ ಅನ್ನುತ್ತಿರಲಿಲ್ಲ. ಸಿಡಿಯುತ್ತಿದ್ದೆ, ಆಮೇಲೆ ಒಪ್ಪುತ್ತಿದ್ದೆ.

ತಿಂಗಳ ಕೊನೆಗೆ ನಾನು ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಗೆ ಸೇರಿದೆ. ಗುಂಡಿ ಹಾಕುವ ಮೆಷಿನ್ನಿನ ಮುಂದೆ ಕೂರುತ್ತೇನೆ. ಸಂಬಳ ಹನ್ನೆರಡು. ಮಾತಾಡಲು ಗಿರಾಕಿಗಳಿಲ್ಲ, ಜಗಳ ಆಡಲು ಮೇಲ್ವಿಚಾರಕ ಒಬ್ಬನಿದ್ದಾನೆ. ಅತ್ತಿಗೆಯ ಅಂಗಡಿಯ ಪಕ್ಕದ ಓಣಿಯಲ್ಲಿ ಆ ಜ್ಯೂಸಿನವನು ಒಂದು ಗಾಡಿ ಇಟ್ಟುಕೊಂಡಿದ್ದಾನಂತೆ. ವ್ಯಾಪಾರ ಚೆನ್ನಾಗಿದೆಯಂತೆ. ಬಾಡಿಗೆಯೇ ಇಲ್ಲ. ಸೇತುವೆ ಇನ್ನೂ ಮುಗಿದಿಲ್ಲ.

ಎರಡು ತಿಂಗಳು ನಾನು ಆ ಬೀದಿಯ ಕಡೆ ತಲೆ ಹಾಕಲಿಲ್ಲ. ಒಂದು ಶನಿವಾರ ಮಗಳ ಲಂಗಕ್ಕೆ ಹುಕ್ಕು ಬೇಕಾಯಿತು. ಕಾರ್ಖಾನೆಯಲ್ಲಿ ಕೇಳಿದ್ದರೆ ಸುಮ್ಮನೆ ಕೊಡುತ್ತಿದ್ದರು. ಆದರೂ ಕಾಲು ಅಲ್ಲಿಗೇ ಹೋಯಿತು. ಹೊಸ ಷಟರ್ ಹಾಕಿದ್ದರು. ಅತ್ತಿಗೆ ಒಬ್ಬರೇ ಇದ್ದರು, ಇಬ್ಬರ ಕೆಲಸ ಮಾಡುತ್ತಿದ್ದರು. ಒಬ್ಬ ಹೆಂಗಸಿಗೆ ಲೇಸು ಅಳೆಯುತ್ತ ಬಾಗಿದ್ದವರು, ಯಾರೋ ಹೊಸ್ತಿಲು ದಾಟಿದ್ದು ಕಂಡು, ತಲೆ ಎತ್ತದೆ ಡಬ್ಬಿಯಿಂದ ಒಂದು ಕೋಟಿನ ಗುಂಡಿ ತೆಗೆದರು. ಎಡಗಡೆಯ ಭರಣಿಯ ತನಕ ಕೈ ಹೋಯಿತು. ಆಗ ನನ್ನನ್ನು ನೋಡಿದರು.

ಐದು ವರ್ಷ ನಾನು ಆ ಹೊಸ್ತಿಲನ್ನು ದಿನಕ್ಕೆ ಹತ್ತು ಸಲ ದಾಟಿದ್ದೇನೆ. ಒಂದು ಸಲವೂ ನನಗೆ ಗುಂಡಿ ಬಿದ್ದಿರಲಿಲ್ಲ. ಮನೆಯವರನ್ನು ಎಣಿಸುವ ಪದ್ಧತಿ ಇರಲಿಲ್ಲ.

ಕೈ ಅಲ್ಲೇ ನಿಂತಿತ್ತು. ಲೇಸಿನ ಹೆಂಗಸು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು.

"ಹಾಕಿ ಅತ್ತಿಗೆ. ಲೆಕ್ಕ ತಪ್ಪಬಾರ್ದು" ಎಂದೆ.

ಗುಂಡಿ ಬಿತ್ತು. ಒಂದು ಕಾರ್ಡು ಹುಕ್ಕು ಕೇಳಿದೆ. ಅವರು ದುಡ್ಡು ಬೇಡ ಅಂದರು, ನಾನು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟೆ. ಆಮೇಲೆ ನಾನೇ ಡಬ್ಬಿಗೆ ಕೈ ಹಾಕಿ, ಜೊತೆ ಇಲ್ಲದ್ದೊಂದನ್ನು ಆರಿಸಿ, ಬಲಗಡೆಯ ಭರಣಿಗೆ ಹಾಕಿ ಬಂದೆ.